ಪೋಲ್ ಗಟ್ಟಿಯೋ, ಕಾಲು ಮುಂದೆಯೋ? ಪೋಲ್ ವಾಲ್ಟ್‌ನಲ್ಲಿ ಪೋಲ್ ಎದ್ದು ನಿಲ್ಲದಿದ್ದಾಗ ದೋಷ ಹುಡುಕುವ ಬಗೆ

ದೂರು

"ಸರ್, ಈ ಪೋಲ್ ನನಗೆ ತುಂಬಾ ಗಟ್ಟಿ. ಬಗ್ಗೋದೇ ಇಲ್ಲ."

ತರಬೇತಿಗೆ ಹೊಸದಾಗಿ ಬಂದ ಒಬ್ಬ ಹುಡುಗ ಮೊದಲ ದಿನ ಹೇಳಿದ ಮಾತು ಇದು. ಅವನ ತೂಕ 64 ಕೆ.ಜಿ. ಕೈಯಲ್ಲಿದ್ದ ಪೋಲ್ 4.00 ಮೀಟರ್ ಉದ್ದದ್ದು, ಅದರ ಮೇಲೆ ಬರೆದ ತೂಕ 68 ಕೆ.ಜಿ. ಅವನ ಗ್ರಿಪ್, ಅಂದರೆ ಪೋಲಿನ ಕೆಳತುದಿಯಿಂದ ಮೇಲಿನ ಕೈವರೆಗಿನ ದೂರ, 3.70 ಮೀಟರ್ ಇತ್ತು. ಓಡಿ ಬಂದ, ರನ್‌ವೇ ಕೊನೆಯಲ್ಲಿ ನೆಲದೊಳಗೆ ಇಳಿದಿರುವ ಬಾಕ್ಸಿಗೆ ಪೋಲ್ ಇಳಿಸಿದ, ಮೇಲೆದ್ದ. ಪೋಲ್ ಸ್ವಲ್ಪ ಬಗ್ಗಿ, ನೆಟ್ಟಗಾಗುವ ಮೊದಲೇ ನಿಂತುಬಿಟ್ಟಿತು. ಹುಡುಗ ಮ್ಯಾಟಿನ ಮುಂದಿನ ಅಂಚಿಗೆ, ಬಾಕ್ಸಿನ ಪಕ್ಕಕ್ಕೇ ಬಿದ್ದ. ಎರಡನೇ ಸಲವೂ ಅದೇ.

ಹೀಗಾದಾಗ ಎಲ್ಲರಿಗೂ ಮೊದಲು ಹೊಳೆಯುವುದು ಮೆದು ಪೋಲ್ ಕೊಡೋಣ ಅನ್ನುವುದು. ಅವನು ಹಿಂದೆ ಅಭ್ಯಾಸ ಮಾಡುತ್ತಿದ್ದ ಕಡೆಯೂ ಅದನ್ನೇ ಮಾಡಿದ್ದರಂತೆ. ಅದೇ ಉದ್ದದ, 63 ಕೆ.ಜಿ. ಬರೆದ ಪೋಲ್ ಕೊಟ್ಟಿದ್ದರು. ಪೋಲ್ ಜಾಸ್ತಿ ಬಗ್ಗಿತು ನಿಜ. ಆದರೆ ಎದ್ದು ನಿಲ್ಲಲಿಲ್ಲ. ಅರ್ಧದಲ್ಲೇ ಬಿಚ್ಚಿಕೊಂಡು ಅವನನ್ನು ಓರೆಯಾಗಿ ಮ್ಯಾಟಿನ ಬದಿಗೆ ಎಸೆಯಿತು. ಮೊದಲಿನದಕ್ಕಿಂತ ಅಪಾಯದ ಬೀಳುವಿಕೆ ಅದು.

ದೋಷ ಪೋಲಿನಲ್ಲಿ ಇರಲೇ ಇಲ್ಲ. ಅದನ್ನು ಕಂಡುಕೊಂಡ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಡುವೆ ಪೋಲ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನೂ ಹೇಳಬೇಕಾಗುತ್ತದೆ. ಅದು ಗೊತ್ತಿಲ್ಲದೆ ಪೋಲ್ ಬದಲಾಯಿಸುವುದು ಅಂದಾಜಿನ ಆಟ.

ಎರಡು ಪ್ರಶ್ನೆ ಬೇರೆ ಬೇರೆ ಕೇಳಿ

ಪೋಲ್ ಎಷ್ಟು ಬಗ್ಗಿತು ಅನ್ನುವುದು ಒಂದು ಪ್ರಶ್ನೆ. ಅದು ಎದ್ದು ನೆಟ್ಟಗೆ ನಿಂತಿತೇ ಅನ್ನುವುದು ಇನ್ನೊಂದು. ಹೆಚ್ಚಿನವರು ಇವೆರಡನ್ನೂ ಒಂದೇ ಮಾಡಿಕೊಳ್ಳುತ್ತಾರೆ. "ಬಗ್ಗಿದರೆ ನಿಲ್ಲುತ್ತದೆ, ಬಗ್ಗದಿದ್ದರೆ ನಿಲ್ಲುವುದಿಲ್ಲ" ಅಂದುಕೊಳ್ಳುತ್ತಾರೆ. ಹಾಗಿಲ್ಲ. ಪೋಲ್ ಕಡಿಮೆ ಬಗ್ಗಿಯೂ ಚೆನ್ನಾಗಿ ಎದ್ದು ನಿಲ್ಲಬಹುದು. ಬಿಲ್ಲಿನಂತೆ ಬಗ್ಗಿಯೂ ಅರ್ಧದಲ್ಲೇ ನಿಂತುಬಿಡಬಹುದು.

ಕಡಿಮೆ ಬಗ್ಗಿ ಚೆನ್ನಾಗಿ ನಿಂತರೆ ಗ್ರಿಪ್ ಮೇಲೇರಿಸಲು ಜಾಗ ಇದೆ ಎಂದರ್ಥ. ತುಂಬಾ ಬಗ್ಗಿ, ನೆಟ್ಟಗಾಗಿ, ಮ್ಯಾಟಿನ ಹಿಂಭಾಗಕ್ಕೆ ತಳ್ಳಿಬಿಟ್ಟರೆ ಪೋಲ್ ಮೆದುವಾಯಿತು. ಕಡಿಮೆ ಬಗ್ಗಿ ನಿಲ್ಲದೇ ಹೋದರೆ ಪೋಲ್ ಗಟ್ಟಿಯಿರಬಹುದು, ಅಥವಾ ಓಟದ ವೇಗ ಟೇಕಾಫ್‌ನಲ್ಲಿ, ಅಂದರೆ ಕಾಲು ನೆಲ ಬಿಡುವ ಹೊತ್ತಿನಲ್ಲಿ, ಎಲ್ಲೋ ಸೋರಿಹೋಗುತ್ತಿರಬಹುದು. ಜಾಸ್ತಿ ಬಗ್ಗಿಯೂ ನಿಲ್ಲದಿದ್ದರೆ ಸಾಮಾನ್ಯವಾಗಿ ಗ್ರಿಪ್ ಮಿತಿಮೀರಿ ಮೇಲಿದೆ, ಇಲ್ಲವೇ ಟೇಕಾಫ್ ಕೆಟ್ಟಿದೆ. ಈ ಕೊನೆಯದನ್ನು ಎರಡು ಸಲ ಸತತವಾಗಿ ಕಂಡರೆ ನಾನು ಜಿಗಿತ ನಿಲ್ಲಿಸುತ್ತೇನೆ. ಮೂರನೆಯದನ್ನು "ನೋಡೋಣ" ಅಂತ ಬಿಡುವುದಿಲ್ಲ.

ನಮ್ಮ ಹುಡುಗ ಗಟ್ಟಿ ಪೋಲಿನಲ್ಲಿ ಮೂರನೇ ಗುಂಪಿನಲ್ಲಿದ್ದ, ಮೆದು ಪೋಲಿನಲ್ಲಿ ನಾಲ್ಕನೆಯದಕ್ಕೆ ಬಂದ. ಪೋಲ್ ಬದಲಾದರೂ "ನಿಲ್ಲುವುದಿಲ್ಲ" ಅನ್ನುವುದು ಬದಲಾಗಲಿಲ್ಲ. ಇದೇ ಮೊದಲ ಸುಳಿವು.

ಪೋಲಿನ ಮೇಲೆ ಬರೆದ ತೂಕ ಏನು ಹೇಳುತ್ತದೆ

ಪೋಲಿನ ಮೇಲೆ ಉದ್ದ ಮತ್ತು ತೂಕ ಎರಡೂ ಬರೆದಿರುತ್ತವೆ. ಆ ತೂಕ ಒಂದು ಷರತ್ತಿನ ಮೇಲೆ ನಿಂತಿದೆ: ಮೇಲಿನ ಕೈ ಪೋಲಿನ ತುದಿಗೆ ಹತ್ತಿರ ಇರಬೇಕು. 4.00 ಮೀಟರ್ ಪೋಲಿನಲ್ಲಿ ಸುಮಾರು 3.90ರಲ್ಲಿ ಹಿಡಿದಾಗ ಅದು 68ರ ಪೋಲ್. ಕೆಳಗೆ ಹಿಡಿದರೆ ಅಲ್ಲ.

ಏಕೆ ಅಂತ ನೋಡಲು ಶಾಲೆಯ ಪ್ಲಾಸ್ಟಿಕ್ ಸ್ಕೇಲ್ ಸಾಕು. ಉದ್ದನೆಯ ಸ್ಕೇಲನ್ನು ಮೇಜಿನ ಮೇಲೆ ನಿಲ್ಲಿಸಿ ಮೇಲಿನಿಂದ ಒತ್ತಿ. ಒಂದು ಮಟ್ಟದವರೆಗೆ ಏನೂ ಆಗುವುದಿಲ್ಲ. ಆಮೇಲೆ ಫಕ್ಕನೆ ಬಿಲ್ಲಾಗುತ್ತದೆ. ಅಲ್ಲಿಂದ ಮುಂದೆ ಇನ್ನಷ್ಟು ಬಗ್ಗಿಸಲು ಹೆಚ್ಚಿನ ಬಲ ಬೇಕಾಗುವುದಿಲ್ಲ, ಹೆಚ್ಚುಕಡಿಮೆ ಅಷ್ಟೇ ಸಾಕು. ಈಗ ಸ್ಕೇಲನ್ನು ಅರ್ಧದಲ್ಲಿ ಹಿಡಿದು ಒತ್ತಿ ನೋಡಿ. ಬಗ್ಗಿಸಲು ಎಷ್ಟೋ ಪಟ್ಟು ಬಲ ಬೇಕು. ಸ್ಕೇಲ್ ಅದೇ, ಹಿಡಿತ ಮಾತ್ರ ಬದಲಾಯಿತು.

ಪೋಲ್ ಕೂಡ ಹೀಗೆಯೇ. ಬಗ್ಗಲು ಶುರುವಾಗುವ ಬಲಕ್ಕೆ ಹಳೆಯ ಸೂತ್ರ ಒಂದಿದೆ:

```
F = π² E I / L²
```

ಇದರಲ್ಲಿ E ಮತ್ತು I ಪೋಲಿನ ವಸ್ತು ಮತ್ತು ಕೊಳವೆಯ ಆಕಾರಕ್ಕೆ ಸೇರಿದ್ದು. ಅವು ನಿಮ್ಮ ಕೈಯಲ್ಲಿಲ್ಲ. L ಮಾತ್ರ ನಿಮ್ಮ ಕೈಯಲ್ಲಿದೆ, ಅದು ಗ್ರಿಪ್ ಎತ್ತರ. ಮೇಲಾಗಿ ಅದು ವರ್ಗದಲ್ಲಿದೆ. ನಮ್ಮ ಹುಡುಗನ ಲೆಕ್ಕ ಹಾಕೋಣ. 3.90ರಲ್ಲಿ 68 ಅಂತ ಬರೆದ ಪೋಲನ್ನು 3.70ರಲ್ಲಿ ಹಿಡಿದರೆ, 3.90ನ್ನು 3.70ರಿಂದ ಭಾಗಿಸಿ ವರ್ಗ ಮಾಡಿದಾಗ 1.11 ಬರುತ್ತದೆ. 68ಕ್ಕೆ ಗುಣಿಸಿದರೆ ಸುಮಾರು 75. ಅಂದರೆ 64 ಕೆ.ಜಿ. ತೂಗುವ ಹುಡುಗ 75ರ ಪೋಲ್ ಹಿಡಿದ ಹಾಗೆ. ಮೈದಾನದಲ್ಲಿ ಕೋಚ್‌ಗಳು ಬಾಯಿಲೆಕ್ಕವಾಗಿ ಹೇಳುವುದೂ ಇದಕ್ಕೆ ಹತ್ತಿರವೇ ಇದೆ: ಗ್ರಿಪ್ 15 ಸೆಂ.ಮೀ. ಕೆಳಗಿಳಿದರೆ ಪೋಲ್ ಸುಮಾರು 4.5 ಕೆ.ಜಿ.ಯಷ್ಟು, ಅಂದರೆ 10 ಪೌಂಡ್, ಗಟ್ಟಿಯಾಗುತ್ತದೆ.

ಇಲ್ಲಿ ಒಂದು ಗೊಂದಲ ಕಾದಿರುತ್ತದೆ. ಹೆದರಿದ ವಾಲ್ಟರ್ ಮೊದಲು ಮಾಡುವುದೇ ಕೈ ಕೆಳಗಿಳಿಸುವುದು. ಪೋಲ್ ಗಟ್ಟಿ ಅನ್ನಿಸಿತು, ಕೈ ಇಳಿಸಿದ. ಪೋಲ್ ಇನ್ನೂ ಗಟ್ಟಿಯಾಯಿತು. ಹಾಗಾದರೆ ಕೈ ಇಳಿಸುವುದು ತಪ್ಪೇ? ಅಲ್ಲ. ಕೈ ಇಳಿಸಿದರೆ ಪೋಲ್ ಕಡಿಮೆ ಬಗ್ಗುತ್ತದೆ, ಆದರೆ ಎದ್ದು ನಿಲ್ಲುವುದು ಸುಲಭವಾಗುತ್ತದೆ. ತಿರುಗಿಸಬೇಕಾದ ದೂರ ಮತ್ತು ಎತ್ತರ ಎರಡೂ ತಗ್ಗುತ್ತವೆ. ಅದಕ್ಕೇ ಎರಡು ಪ್ರಶ್ನೆ ಬೇರೆ ಬೇರೆ ಕೇಳಿ ಅಂದದ್ದು. ಕೈ ಇಳಿಸಿಯೂ ಪೋಲ್ ನಿಲ್ಲದಿದ್ದರೆ ಗ್ರಿಪ್ ಅಲ್ಲ, ಬೇರೆಲ್ಲೋ ತೊಂದರೆ ಇದೆ.

ಪೋಲಿನ ಮೇಲೆ ಇನ್ನೊಂದು ಸಂಖ್ಯೆಯೂ ಇರುತ್ತದೆ, ಫ್ಲೆಕ್ಸ್ ನಂಬರ್ ಅಂತ. ಪೋಲನ್ನು ಎರಡು ತುದಿಯ ಹತ್ತಿರ ಆಧಾರ ಕೊಟ್ಟು ಅಡ್ಡ ಮಲಗಿಸಿ, ನಡುವೆ 22.7 ಕೆ.ಜಿ., ಅಂದರೆ 50 ಪೌಂಡ್, ತೂಗುಹಾಕುತ್ತಾರೆ. ನಡುಭಾಗ ಎಷ್ಟು ಸೆಂಟಿಮೀಟರ್ ಜಗ್ಗಿತು ಅನ್ನುವುದೇ ಆ ಸಂಖ್ಯೆ. ಜಾಸ್ತಿ ಇದ್ದರೆ ಮೆದು, ಕಡಿಮೆ ಇದ್ದರೆ ಗಟ್ಟಿ. ಒಂದೇ ತಯಾರಕರ ಒಂದೇ ಉದ್ದದ ಎರಡು ಪೋಲ್ ಹೋಲಿಸಲು ಇದು ತೂಕದ ಸಂಖ್ಯೆಗಿಂತ ನಿಖರ. ಬೇರೆ ಉದ್ದದ ಪೋಲುಗಳ ನಡುವೆ ಸುಮ್ನೆ ಹೋಲಿಸಬೇಡಿ, ದಾರಿ ತಪ್ಪುತ್ತೀರಿ.

ಪೋಲ್ ಶಕ್ತಿಯನ್ನು ಹುಟ್ಟಿಸುವುದಿಲ್ಲ

ಪೋಲ್ ನಮ್ಮನ್ನು ಎಸೆಯುತ್ತದೆ ಅಂತ ಅನ್ನಿಸುತ್ತದೆ. ನಿಜವಾಗಿ ಅದು ನಾವು ಕೊಟ್ಟದ್ದನ್ನೇ ವಾಪಸ್ ಕೊಡುತ್ತದೆ, ಅದರಲ್ಲೂ ಸ್ವಲ್ಪ ಕಡಿಮೆ. ಒಳ್ಳೆಯ ಫೈಬರ್‌ಗ್ಲಾಸ್ ಪೋಲ್‌ನಲ್ಲಿ ಬಿಸಿಯಾಗಿ ಕಳೆದುಹೋಗುವ ಪಾಲು ಚಿಕ್ಕದು. ಆದರೆ ಇಲ್ಲದ್ದನ್ನು ಅದು ಸೇರಿಸಲಾರದು.

ನಮ್ಮ ಹುಡುಗ ಟೇಕಾಫ್ ಹೊತ್ತಿಗೆ ಸೆಕೆಂಡಿಗೆ 8 ಮೀಟರ್ ಓಡುತ್ತಿದ್ದ ಅಂದುಕೊಳ್ಳಿ. ½mv² ಲೆಕ್ಕದಲ್ಲಿ ಅವನ ಓಟದ ಶಕ್ತಿ 2048 ಜೂಲ್. ಇಷ್ಟೂ ಎತ್ತರವಾಗಿ ಬದಲಾದರೆ ಅವನ ದೇಹ ಸುಮಾರು 3.26 ಮೀಟರ್ ಮೇಲೇರುತ್ತದೆ. ಟೇಕಾಫ್‌ನಲ್ಲೇ ದೇಹದ ತೂಕದ ನಡು ನೆಲದಿಂದ ಒಂದು ಮೀಟರಿಗಿಂತ ಸ್ವಲ್ಪ ಮೇಲಿರುತ್ತದೆ. ಎರಡೂ ಸೇರಿದರೆ ನಾಲ್ಕು ಮೀಟರ್ ದಾಟುತ್ತದೆ. ಅದಕ್ಕೆ ಕಾಲಿನ ನೆಗೆತ, ಮೇಲೆ ಹೋದಾಗ ಕೈಗಳು ಕೊಡುವ ಎಳೆತ ಮತ್ತು ನೂಕು ಸೇರಿಕೊಳ್ಳುತ್ತವೆ. ದಾರಿಯಲ್ಲಿ ಸೋರುವುದು ಕಳೆಯುತ್ತದೆ.

ಇದರಲ್ಲಿ ಪೋಲಿನೊಳಗೆ ಕೂರುವುದು ಎಷ್ಟು? 3.90 ಗ್ರಿಪ್‌ನಲ್ಲಿ ಪೋಲ್ ಒಳ್ಳೆಯ ಜಿಗಿತದಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಕುಗ್ಗುತ್ತದೆ. ಇಂಥ ಪೋಲ್ ಬಗ್ಗುತ್ತಾ ಇರುವಾಗ ಹಿಂದಕ್ಕೆ ತಳ್ಳುವ ಬಲ ಹೆಚ್ಚುಕಡಿಮೆ ವಾಲ್ಟರ್‌ನ ದೇಹದ ತೂಕದ ಆಸುಪಾಸಿನಲ್ಲೇ ಇರುತ್ತದೆ, 700ರಿಂದ 800 ನ್ಯೂಟನ್. ಬಲವನ್ನು ಕುಗ್ಗಿದ ದೂರಕ್ಕೆ ಗುಣಿಸಿದರೆ ಸುಮಾರು 800 ಜೂಲ್. ಅಂದರೆ ಓಟದ ಶಕ್ತಿಯ ಸುಮಾರು ಐದರಲ್ಲಿ ಎರಡು ಪಾಲು. ಉಳಿದದ್ದು ದೇಹದ ಚಲನೆಯಾಗಿಯೇ ಮುಂದಕ್ಕೂ ಮೇಲಕ್ಕೂ ಸಾಗುತ್ತಿರುತ್ತದೆ. ಪೋಲ್ ಬಲ ಮತ್ತು ದೇಹದ ತೂಕ ಹತ್ತಿರ ಇರಬೇಕು ಅನ್ನುವುದು ಇಲ್ಲಿಂದ ಬರುತ್ತದೆ. ಬಲ ತೀರಾ ಕಡಿಮೆಯಾದರೆ ದೇಹವನ್ನು ಮೇಲೆತ್ತಲು ಪೋಲಿಗೆ ತಾಕತ್ತಿಲ್ಲ. ತೀರಾ ಜಾಸ್ತಿಯಾದರೆ ಬಗ್ಗುವ ಮೊದಲೇ ಅದು ದೇಹವನ್ನು ತಡೆದು ನಿಲ್ಲಿಸುತ್ತದೆ.

ಶಕ್ತಿ ಹೆಚ್ಚಾಗದಿದ್ದರೆ ಬಗ್ಗುವ ಪೋಲಿನಿಂದ ಏನು ಲಾಭ? ಮೊದಲನೆಯದಾಗಿ ಹೊಡೆತ ಕಡಿಮೆ. ಗಟ್ಟಿ ಕೋಲು ಬಾಕ್ಸಿಗೆ ತಾಗಿದ ಕ್ಷಣದಲ್ಲೇ ಭುಜಕ್ಕೆ ಜೋರು ಏಟು ಕೊಡುತ್ತದೆ, ಅಲ್ಲೇ ವೇಗದ ಒಂದು ಪಾಲು ಸತ್ತುಹೋಗುತ್ತದೆ. ಎರಡನೆಯದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಬಗ್ಗಿದ ಪೋಲಿನಲ್ಲಿ ಬಾಕ್ಸಿನಿಂದ ಕೈವರೆಗಿನ ನೇರ ದೂರ ಕಡಿಮೆಯಾಗುತ್ತದೆ. 3.90 ಇದ್ದದ್ದು 2.85 ಆಯಿತು ಅನ್ನಿ. ತೂಕ ಬಾಕ್ಸಿನ ಸುತ್ತ ತಿರುಗಲು ಒಡ್ಡುವ ತಡೆ ದೂರದ ವರ್ಗದಂತೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತದೆ. ಅದೇ ವೇಗದಲ್ಲಿ ಇನ್ನಷ್ಟು ಮೇಲೆ ಹಿಡಿದರೂ ಪೋಲ್ ಎದ್ದು ನಿಲ್ಲುತ್ತದೆ. ಎತ್ತರ ಬಂದದ್ದು ಹೀಗೆ.

ದಾಖಲೆಗಳನ್ನು ನೋಡಿದರೆ ಇದು ಕಣ್ಣಿಗೆ ಕಾಣುತ್ತದೆ. 1942ರಲ್ಲಿ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ ಬಿದಿರಿನ ಕೋಲಿನಲ್ಲಿ 4.77 ಮೀಟರ್ ಜಿಗಿದರು. 1960ರಲ್ಲಿ ಡಾನ್ ಬ್ರಾಗ್ ಲೋಹದ ಪೋಲಿನಲ್ಲಿ 4.80 ಮಾಡಿದರು. ಹದಿನೆಂಟು ವರ್ಷಕ್ಕೆ ಮೂರು ಸೆಂಟಿಮೀಟರ್! ಆಮೇಲೆ ಫೈಬರ್‌ಗ್ಲಾಸ್ ಬಂತು. 1963ರಲ್ಲಿ ಜಾನ್ ಪೆನೆಲ್ 5.20ಕ್ಕೆ ಹೋದರು.

ಮೂರನೆಯದು ಸಮಯ. ಪೋಲ್ ಬಿಚ್ಚಿಕೊಳ್ಳುವಾಗ ವಾಲ್ಟರ್ ತಲೆಕೆಳಗಾಗಿ, ಸೊಂಟ ಮೇಲೆ ತಂದು, ಪೋಲಿನ ಜೊತೆ ಒಂದೇ ಸಾಲಿನಲ್ಲಿರಬೇಕು. ಆಗ ವಾಪಸ್ ಬರುವ ಶಕ್ತಿ ದೇಹವನ್ನು ಮೇಲಕ್ಕೆ ದೂಡುತ್ತದೆ. ಗಟ್ಟಿ ಪೋಲ್ ಬೇಗ ಬಿಚ್ಚಿಕೊಳ್ಳುತ್ತದೆ, ಆಗ ಕಾಲುಗಳು ಇನ್ನೂ ಕೆಳಗಿರುತ್ತವೆ. ಮೆದು ಪೋಲ್ ತಡವಾಗಿ ಬಿಚ್ಚಿಕೊಳ್ಳುತ್ತದೆ, ಆ ಹೊತ್ತಿಗೆ ದೇಹ ಬಾರ್ ಕಡೆಗೆ ಜಾರಿಬಿಟ್ಟಿರುತ್ತದೆ. ಎರಡರಲ್ಲೂ ಶಕ್ತಿ ವಾಪಸ್ ಬಂದದ್ದು ನಿಜ, ಬೇಕಾದ ದಿಕ್ಕಿಗೆ ಸಿಗಲಿಲ್ಲ ಅಷ್ಟೇ.

ಅಳತೆ: ಒಂದು ಫೋನ್, ಒಂದು ಟೇಪ್

ಮತ್ತೆ ಹುಡುಗನ ಹತ್ತಿರ ಬರೋಣ. ನಾನು ಮೊದಲು ಪೋಲ್ ಮುಟ್ಟಲಿಲ್ಲ. ಬಾರ್ ತೆಗೆಸಿದೆ. ರನ್‌ವೇಗೆ ನೇರ ಅಡ್ಡಲಾಗಿ, ಬಾಕ್ಸಿನಿಂದ ಒಂದು ಹದಿನೈದು ಮೀಟರ್ ದೂರದಲ್ಲಿ ಫೋನ್ ನಿಲ್ಲಿಸಿ ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್‌ನಲ್ಲಿ ತೆಗೆದೆ. ಹತ್ತಿರದಿಂದ ಅಥವಾ ಓರೆಯಾಗಿ ತೆಗೆದರೆ ಅಳತೆ ಸುಳ್ಳಾಗುತ್ತದೆ.

ವಿಡಿಯೋದಲ್ಲಿ ನೋಡಬೇಕಾದ್ದು ಎರಡು. ಪೋಲ್ ಅತಿ ಹೆಚ್ಚು ಬಗ್ಗಿದ ಚಿತ್ರದಲ್ಲಿ ಬಾಕ್ಸಿನ ತುದಿಯಿಂದ ಮೇಲಿನ ಕೈವರೆಗೆ ಪರದೆಯ ಮೇಲೆ ಸ್ಕೇಲ್ ಇಟ್ಟು ನೇರ ದೂರ ಅಳೆಯಿರಿ. ಪೋಲ್ ಇನ್ನೂ ನೆಟ್ಟಗಿದ್ದ, ಟೇಕಾಫ್‌ಗೆ ಸ್ವಲ್ಪ ಮುಂಚಿನ ಚಿತ್ರದಲ್ಲೂ ಅದನ್ನೇ ಅಳೆಯಿರಿ. ಎಷ್ಟು ಪ್ರತಿಶತ ಕುಗ್ಗಿತು ಅಂತ ಸಿಗುತ್ತದೆ. 20ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 25ರ ಆಸುಪಾಸು ಒಳ್ಳೆಯದು, 30 ದಾಟಿದರೆ ಎಚ್ಚರ ಅಂತ ನಾನು ಇಟ್ಟುಕೊಂಡಿದ್ದೇನೆ. ಹುಡುಗನದ್ದು 12 ಬಂತು. ಇಲ್ಲಿಗೆ ನಿಲ್ಲಿಸಿದ್ದರೆ ನಾನೂ "ಪೋಲ್ ಗಟ್ಟಿ" ಅನ್ನುತ್ತಿದ್ದೆ.

ಎರಡನೆಯದು ಟೇಕಾಫ್ ಕಾಲು. ಕಾಲಿನ ಬೆರಳು ಮೇಲಿನ ಕೈಯ ನೇರ ಕೆಳಗಿರಬೇಕು. ಇದನ್ನು ಕಣ್ಣಳತೆಗೆ ಬಿಡಬೇಕಾಗಿಲ್ಲ, ಲೆಕ್ಕ ಹಾಕಬಹುದು. ಅವನು ಕೈ ನೆಟ್ಟಗೆ ಮೇಲೆತ್ತಿ ಪೋಲ್ ಹಿಡಿದರೆ ಮೇಲಿನ ಕೈ ನೆಲದಿಂದ 2.10 ಮೀಟರ್. ಬಾಕ್ಸಿನ ತಳ ನೆಲಕ್ಕಿಂತ 20 ಸೆಂ.ಮೀ. ಕೆಳಗಿದೆ. ಒಟ್ಟು ಎತ್ತರ 2.30. ಪೋಲ್ 3.70. ಲಂಬಕೋನ ತ್ರಿಕೋನದ ಲೆಕ್ಕದಲ್ಲಿ ತಳದ ದೂರ ಹೀಗೆ:

```
√(3.70² − 2.30²) = 2.90
```

ಅಂದರೆ ಬಾಕ್ಸಿನ ಹಿಂಗೋಡೆಯಿಂದ 2.90 ಮೀಟರ್ ದೂರದಲ್ಲಿ ಕಾಲು ಬೀಳಬೇಕು. ರನ್‌ವೇ ಪಕ್ಕ ಟೇಪ್ ಹಾಸಿ ನೋಡಿದೆವು. ಅವನ ಕಾಲು ಬೀಳುತ್ತಿದ್ದದ್ದು 2.55ರಲ್ಲಿ. ಮೂವತ್ತೈದು ಸೆಂಟಿಮೀಟರ್ ಮುಂದೆ!

ಇದೇ ದೋಷ. ಕಾಲು ಕೈಯ ಕೆಳಗಿನ ಜಾಗಕ್ಕಿಂತ ಮುಂದೆ ಬಿದ್ದರೆ, ನೆಲ ಬಿಡುವ ಮೊದಲೇ ಪೋಲ್ ಬಾಕ್ಸಿಗೆ ತಾಗಿ ಕೈಯನ್ನು ಹಿಂದಕ್ಕೆ ಎಳೆಯುತ್ತದೆ. ಸೊಂಟ ಮುಂದೆ, ಕೈ ಹಿಂದೆ. ಓಟದ ವೇಗ ಬೆನ್ನು ಮತ್ತು ಭುಜದಲ್ಲಿ ಕರಗುತ್ತದೆ, ಪೋಲಿಗೆ ತಲುಪುವುದಿಲ್ಲ. ಗಟ್ಟಿ ಪೋಲ್ ಆದರೆ ಬಗ್ಗುವುದೇ ಇಲ್ಲ. ಮೆದು ಪೋಲ್ ಆದರೆ ಆ ಎಳೆತಕ್ಕೇ ಬಗ್ಗಿಬಿಡುತ್ತದೆ, ಆದರೆ ತಿರುಗಿಸಿ ನಿಲ್ಲಿಸಲು ವೇಗ ಉಳಿದಿರುವುದಿಲ್ಲ. ಅವನನ್ನು ಓರೆಯಾಗಿ ಎಸೆದದ್ದು ಇದೇ.

ಕಾಲು ಮುಂದೆ ಬೀಳಲು ಕಾರಣ ಹುಡುಕಲು ಇನ್ನೊಂದು ಮಾರ್ಕ್ ಬೇಕು. ಕೊನೆಯ ಆರು ಹೆಜ್ಜೆ ಶುರುವಾಗುವ ಜಾಗದಲ್ಲಿ ಗುರುತು ಹಾಕಿ. ಆ ಗುರುತಿನಲ್ಲೇ ಅವನು ಮುಂದಿದ್ದರೆ ಓಟ ಶುರುಮಾಡುವ ಜಾಗ ಹಿಂದೆ ಸರಿಸಬೇಕು. ಅಲ್ಲಿ ಸರಿಯಿದ್ದು ಕೊನೆಗೆ ಮುಂದೆ ಬಂದರೆ ಕೊನೆಯ ಹೆಜ್ಜೆಗಳನ್ನು ಉದ್ದ ಹಾಕುತ್ತಿದ್ದಾನೆ ಎಂದರ್ಥ. ನಮ್ಮ ಹುಡುಗನದ್ದು ಎರಡನೆಯದು. ಪೋಲ್ ಗಟ್ಟಿ ಅನ್ನುವ ಭಯಕ್ಕೆ ಕೊನೆಯ ಎರಡು ಹೆಜ್ಜೆ ಎಳೆದು ಹಾಕುತ್ತಿದ್ದ. ಓಟದ ಶುರುವನ್ನು ಹಿಂದೆ ಸರಿಸಿದ್ದರೆ ಇನ್ನಷ್ಟು ಎಳೆಯುತ್ತಿದ್ದ. ಆರು ಹೆಜ್ಜೆಯ ಓಟದಲ್ಲಿ, ಪೋಲನ್ನು ಕೊನೆಯಿಂದ ಮೂರನೇ ಹೆಜ್ಜೆಯಲ್ಲೇ ಮೇಲೆತ್ತಲು ಶುರುಮಾಡುವ ಅಭ್ಯಾಸ ಎರಡು ವಾರ ಮಾಡಿಸಿದೆ. ಹೆಜ್ಜೆ ತಾನಾಗಿ ಚುರುಕಾಯಿತು.

ಸರಿಪಡಿಸಿದ ಮೇಲೆ

ಎರಡು ವಾರದ ನಂತರ ಅದೇ 68ರ ಪೋಲ್, ಅದೇ 3.70 ಗ್ರಿಪ್. ಕಾಲು ಬಿದ್ದದ್ದು 2.85ರಲ್ಲಿ. ಪೋಲ್ 19 ಪ್ರತಿಶತ ಬಗ್ಗಿತು. ಎದ್ದು ನಿಂತಿತು. ಬಾಕ್ಸಿನ ಹಿಂಗೋಡೆಯಿಂದ ಒಂದೂಕಾಲು ಮೀಟರ್ ಆಚೆ, ಮ್ಯಾಟಿನ ಒಳಗೆ ಬಿದ್ದ. ಮೆದು ಪೋಲ್ ಬೇಕಾಗಲೇ ಇಲ್ಲ.

ಈಗ ಗ್ರಿಪ್ ಏರಿಸುವ ಸರದಿ. ಒಂದು ಸಲಕ್ಕೆ 5 ಸೆಂ.ಮೀ. ಮಾತ್ರ. ಇಲ್ಲಿ ಹಲವರು ಮರೆಯುವುದೊಂದಿದೆ. ಗ್ರಿಪ್ ಮೇಲೇರಿದರೆ ಟೇಕಾಫ್ ಜಾಗ ಹಿಂದೆ ಹೋಗಬೇಕು, ಏರಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. 3.80ಕ್ಕೆ 3.02 ಮೀಟರ್, 3.90ಕ್ಕೆ 3.15. ಕೈ ಇಪ್ಪತ್ತು ಸೆಂಟಿಮೀಟರ್ ಮೇಲೇರಿದರೆ ಕಾಲು ಇಪ್ಪತ್ತೈದು ಹಿಂದೆ. ಮಾರ್ಕ್ ಸರಿಸದೆ ಕೈ ಮಾತ್ರ ಏರಿಸಿದರೆ ಹಳೆಯ ದೋಷವನ್ನು ಮತ್ತೆ ಕರೆದು ತಂದ ಹಾಗೆ. "ನಿನ್ನೆ ಚೆನ್ನಾಗಿತ್ತು, ಇವತ್ತು ಪೋಲ್ ನಿಲ್ಲುತ್ತಿಲ್ಲ" ಅಂತ ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ ಇದೇ.

3.80ರಲ್ಲಿ ಅವನ ಪೋಲ್ 24 ಪ್ರತಿಶತ ಬಗ್ಗಿತು. 3.90ರಲ್ಲಿ 27. ಬೀಳುತ್ತಿದ್ದ ಜಾಗ ಸುಮಾರು ಎರಡು ಮೀಟರ್ ಒಳಗೆ, ಮ್ಯಾಟಿನ ನಡುವೆ. ಆ ಹೊತ್ತಿಗೆ ಅವನು ತುದಿಯ ಹತ್ತಿರ ಹಿಡಿಯುತ್ತಿದ್ದ, ಪೋಲಿನ ಮೇಲೆ ಬರೆದ 68 ಕೊನೆಗೂ 68ರಂತೆಯೇ ನಡೆದುಕೊಳ್ಳುತ್ತಿತ್ತು.

ಕೆಲವು ತಿಂಗಳ ನಂತರ, ತಿರುಗಿದ ದೋಷ

ಮುಂದಿನ ದೂರು ಬೇರೆ ಥರ. "ಸರ್, ಎತ್ತರ ಇದೆ, ಆದರೆ ಮೇಲೆ ಹೋಗ್ತಾ ಇರುವಾಗಲೇ ತೊಡೆ ಬಾರಿಗೆ ತಾಗುತ್ತೆ." ಬಾರಿನ ಸ್ಟ್ಯಾಂಡುಗಳು ಆಗಲೇ ಬಾಕ್ಸಿನ ಹಿಂಗೋಡೆಯಿಂದ 80 ಸೆಂ.ಮೀ. ಹಿಂದಿದ್ದವು. ನಿಯಮದಲ್ಲಿ ಅದಕ್ಕಿಂತ ಹಿಂದೆ ಹೋಗುವಂತಿಲ್ಲ. ಅವನು ಬೀಳುತ್ತಿದ್ದದ್ದು ಮೂರು ಮೀಟರ್ ದಾಟಿ. ಅಳತೆ ತೆಗೆದರೆ ಪೋಲ್ 33 ಪ್ರತಿಶತ ಬಗ್ಗುತ್ತಿತ್ತು. ಟೇಕಾಫ್ ಕಾಲು ಸರಿಯಾಗಿಯೇ ಇತ್ತು.

ತೂಕ ನೋಡಿದೆವು, ಅದೇ 64. ಹಾಗಾದರೆ 68ರ ಪೋಲ್ ಮೆದುವಾದದ್ದು ಹೇಗೆ? ಬಾಕ್ಸಿನಿಂದ 10 ಮೀಟರ್ ಮತ್ತು 5 ಮೀಟರ್ ದೂರದಲ್ಲಿ ಗುರುತು ಹಾಕಿ ವಿಡಿಯೋದಲ್ಲಿ ಚಿತ್ರ ಎಣಿಸಿದೆವು. ಆ ಐದು ಮೀಟರಿಗೆ ಮೊದಲು 150 ಚಿತ್ರ ಬೇಕಾಗುತ್ತಿತ್ತು, ಈಗ 145. ಸೆಕೆಂಡಿಗೆ 8 ಮೀಟರ್ ಇದ್ದ ವೇಗ 8.3ಕ್ಕೆ ಹತ್ತಿರ ಬಂದಿತ್ತು. ಕೇಳಲು ಚಿಕ್ಕದು. ಆದರೆ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 2048 ಜೂಲ್ ಇದ್ದದ್ದು ಸುಮಾರು 2200 ಆಯಿತು. ಹಳೆಯ ವೇಗದಲ್ಲಿ ಇಷ್ಟು ಶಕ್ತಿ ತರಬೇಕಾದರೆ ಅವನು 69 ಕೆ.ಜಿ. ತೂಗಬೇಕಿತ್ತು. ಪೋಲಿಗೆ ನಿಮ್ಮ ತೂಕ ಗೊತ್ತಾಗುವುದಿಲ್ಲ, ನೀವು ತಂದ ಶಕ್ತಿ ಗೊತ್ತಾಗುತ್ತದೆ. ತೂಕಕ್ಕೆ ತಕ್ಕ ಪೋಲ್ ಅನ್ನುವುದು ಹೊಸಬರಿಗೆ ಶುರುಮಾಡಲು ಒಳ್ಳೆಯ ಜಾಗ. ತೂಕಕ್ಕಿಂತ ಕಡಿಮೆ ಬರೆದ ಪೋಲನ್ನು ಪೂರ್ತಿ ಓಟದಲ್ಲಿ ಹಿಡಿಯಬಾರದು, ಅದು ಮುರಿಯುವ ಅಪಾಯ. ಆದರೆ ವೇಗ ಬಂದ ಮೇಲೆ ತೂಕಕ್ಕಿಂತ ಮೇಲಿನ ಪೋಲ್ ಬೇಕಾಗುವುದು ಸಹಜ.

ಇಲ್ಲಿ ಗ್ರಿಪ್ ಇಳಿಸಿ ಪೋಲನ್ನು ಗಟ್ಟಿ ಮಾಡಿಕೊಳ್ಳಬಹುದಿತ್ತು. ಆ ದಿನದ ಮಟ್ಟಿಗೆ ಹಾಗೆಯೇ ಮಾಡಿದೆವು, 3.80ಕ್ಕೆ ಇಳಿಸಿ ಅಭ್ಯಾಸ ಮುಗಿಸಿದೆವು. ಆದರೆ ಅದು ಕಷ್ಟಪಟ್ಟು ಗಳಿಸಿದ ಎತ್ತರವನ್ನು ಬಿಟ್ಟುಕೊಡುವುದು. ಮುಂದಿನ ವಾರ 4.00 ಮೀಟರ್ ಉದ್ದದ 72.5ರ ಪೋಲ್ ತಂದೆವು. ಮೊದಲ ಜಿಗಿತಗಳು ಬಾರ್ ಇಲ್ಲದೆ. ಗ್ರಿಪ್ 3.90, ಮಾರ್ಕ್ 3.15, ಓಟ ಪೂರ್ತಿ. ಪೋಲ್ ಬದಲಿಸಿದ ದಿನ ಬೇರೇನನ್ನೂ ಬದಲಿಸಲಿಲ್ಲ. ಎರಡು ಸಂಗತಿ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಪೋಲ್ 28 ಪ್ರತಿಶತ ಬಗ್ಗಿತು. ಮತ್ತೆ ಮ್ಯಾಟಿನ ನಡುವೆ ಬಿದ್ದ.

ಅಳತೆಗೂ ಮುಂಚೆ ನೋಡಬೇಕಾದ್ದು

ಕೆಲವು ಸಲ ಇಷ್ಟೆಲ್ಲ ಬೇಕಾಗುವುದಿಲ್ಲ. ಪೋಲ್ ಪೂರ್ತಿ ನೇರ ಇರುವುದಿಲ್ಲ, ತಯಾರಿಕೆಯಲ್ಲೇ ಅದಕ್ಕೆ ಒಂದು ಕಡೆಗೆ ಸಣ್ಣ ಬಾಗು ಇರುತ್ತದೆ. ಆ ಬಾಗಿನ ಕಡೆಗೇ ಬಗ್ಗುವಂತೆ ಹಿಡಿಯಬೇಕು. ಎರಡು ತುದಿಗೆ ಆಧಾರ ಕೊಟ್ಟು ಪೋಲನ್ನು ಉರುಳಿಸಿ ಬಿಟ್ಟರೆ ಬಾಗು ಕೆಳಗೆ ಬಂದು ನಿಲ್ಲುತ್ತದೆ. ಅಲ್ಲಿ ಟೇಪಿನಿಂದ ಗುರುತು ಮಾಡಿಕೊಳ್ಳಿ. ಕೈಯಲ್ಲಿ ಪೋಲ್ ತಿರುಗಿಕೊಂಡರೆ ಅದು ಗಟ್ಟಿ ಅನ್ನಿಸುತ್ತದೆ, ಬದಿಗೂ ಎಳೆಯುತ್ತದೆ. ಮೈಮೇಲೆ ಸ್ಪೈಕ್ ಗೀಚಿದ ಗುರುತು, ಬಿರುಕು, ಒತ್ತಿದರೆ ಮೆತ್ತಗೆ ಸಿಗುವ ಜಾಗ ಕಂಡರೆ ಆ ಪೋಲನ್ನು ಪಕ್ಕಕ್ಕಿಡಿ. ಬಗ್ಗುವಾಗ ಎಲ್ಲ ಒತ್ತಡವೂ ಬಂದು ಕೂರುವುದು ಅಂಥ ಜಾಗದಲ್ಲೇ.

ಎದುರುಗಾಳಿಯೂ ಸುಸ್ತೂ ವೇಗವನ್ನು ಕದಿಯುತ್ತವೆ. ಹತ್ತನೇ ಜಿಗಿತದವರೆಗೆ ಚೆನ್ನಾಗಿದ್ದ ಪೋಲ್ ಹದಿನೈದನೆಯದರಲ್ಲಿ ನಿಲ್ಲದಿದ್ದರೆ ಪೋಲ್ ಬದಲಿಸಬೇಡಿ. ಹತ್ತು ಸೆಂಟಿಮೀಟರ್ ಗ್ರಿಪ್ ಇಳಿಸಿ, ಮಾರ್ಕ್ ಮುಂದೆ ತನ್ನಿ, ಇಲ್ಲವೇ ಆ ದಿನಕ್ಕೆ ಮುಗಿಸಿ.

ಹುಡುಗ ಹಳೆಯ 68ರ ಪೋಲನ್ನು ಕೊಟ್ಟುಬಿಡುತ್ತೇನೆ ಅಂದ. ಬೇಡ ಅಂದೆ. ಹತ್ತು ಹೆಜ್ಜೆಯ ಚಿಕ್ಕ ಓಟದ ಅಭ್ಯಾಸಕ್ಕೆ, ಗಾಳಿ ಎದುರು ಬೀಸುವ ದಿನಕ್ಕೆ ಈಗಲೂ ಅದನ್ನೇ ಹಿಡಿಯುತ್ತಾನೆ. ಅದರ ಮೇಲೆ 3.70, 3.80, 3.90 ಅಂತ ಮೂರು ಟೇಪ್ ಗುರುತು ಹಾಕಿ, ಪಕ್ಕದಲ್ಲಿ 2.90, 3.02, 3.15 ಅಂತ ಟೇಕಾಫ್ ದೂರವನ್ನೂ ಬರೆದಿದ್ದೇವೆ.